ಮಖಮಲ್ ಟೋಪಿಯ ಅಸ್ತರು

ಮಸ್ಕಿಯಲ್ಲಿರುವ ನಮ್ಮ ಮನೆಯ ಅಂಗಳ ಯಾರ ಬರಿದಲೆಯನ್ನೂ ಕಂಡಿರಲಿಲ್ಲ. ಬಾಗಿಲು ರಸ್ತೆಗೆ ಮುಖ ಮಾಡಿದೆ. ಹೋಗುವ ಬರುವ ಬಸ್ಸಿನವರೆಲ್ಲ ಕಣ್ಣು ಹಾಯಿಸುತ್ತಾರೆ. ಹೀಗಾಗಿ ಹೆಣ್ಣಾಗಲಿ ಗಂಡಾಗಲಿ ತಲೆ ಮುಚ್ಚದೆ ಅಂಗಳಕ್ಕೆ ಇಳಿಯಬಾರದು ಎಂಬ ಕಾಯಿದೆ ಮಾಡಿದವನು ನಾನೇ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಮಾಡಿದ ಕಾಯಿದೆಗಳಲ್ಲಿ ಯಾರಾದರೂ ಪಾಲಿಸಿದ್ದು ಇದೊಂದನ್ನೇ. ಆದ್ದರಿಂದ ಅದರ ಮೇಲೆ ನನಗೆ ವಿಶೇಷ ಅಭಿಮಾನವಿತ್ತು.

ನನ್ನ ತಲೆಯ ಮೇಲೆ ಒಂದು ಕರಿ ಮಖಮಲ್ ಟೋಪಿ. ನಿವೃತ್ತಿಯ ದಿನ ಶಾಲೆಯವರು ಹಾರ ಹಾಕಿ, ಶಾಲು ಹೊದಿಸಿ, ಕೊನೆಗೆ ತೊಡಿಸಿದ್ದು. ಅಂದಿನಿಂದ ಹನ್ನೊಂದು ವರ್ಷ ಅದು ನನ್ನ ತಲೆಯನ್ನು ಬಿಟ್ಟಿರಲಿಲ್ಲ, ನೀರನ್ನೂ ಕಂಡಿರಲಿಲ್ಲ. ಮಖಮಲ್ಲಿಗೆ ನೀರು ಬಿದ್ದರೆ ಹಾಳಾಗುತ್ತದೆ ಎಂದು ಕೊಟ್ಟವರೇ ಎಚ್ಚರಿಸಿದ್ದರು. ತಲೆ ಹಾಳಾಗುವ ವಿಷಯ ಅವರು ಹೇಳಲಿಲ್ಲ. ಮೇಲಿನಿಂದ ನೋಡಿದರೆ ಟೋಪಿ ನವಾಬರ ಕಾಲದ್ದರಂತೆ ಹೊಳೆಯುತ್ತಿತ್ತು. ಒಳಗಿನ ಅಸ್ತರು ಗಾಣದ ಎತ್ತಿನ ಕಣ್ಣಿಗೆ ಕಟ್ಟುವ ಬಟ್ಟೆಯ ಹಾಗಾಗಿತ್ತು. ಒಳಗಡೆ ನೋಡುವ ಅಧಿಕಾರ ನನ್ನೊಬ್ಬನಿಗೇ ಇದ್ದುದರಿಂದ ನನ್ನ ಮರ್ಯಾದೆಗೆ ಧಕ್ಕೆಯಿರಲಿಲ್ಲ.

ಮಗ, ಸೊಸೆ ಬಜಾರದಲ್ಲಿ ಬಳೆ ಅಂಗಡಿ ಇಟ್ಟಿದ್ದಾರೆ. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ನನ್ನ ಹೆಂಡತಿ ತೀರಿದ ಮೇಲೆ ಮನೆಯ ಆಡಳಿತ ನನ್ನ ಅಕ್ಕನ ಕೈಗೆ ಹೋಯಿತು. ನಾವು ಆಪಾ ಎನ್ನುತ್ತೇವೆ. ನನಗಿಂತ ಏಳು ವರ್ಷ ದೊಡ್ಡವಳು, ಹಲ್ಲು ನನಗಿಂತ ಗಟ್ಟಿ. ಉಳಿದವಳು ಮೊಮ್ಮಗಳು. ಸಿಂಧನೂರಿನಲ್ಲಿ ಡಿಗ್ರಿ ಓದುತ್ತಾಳೆ. ಈ ಕಥೆ ಅವಳ ತಲೆಯದ್ದು. ಆದರೆ ನಮ್ಮ ಮನೆಯ ಪದ್ಧತಿಯಂತೆ ಅವಳನ್ನು ಬಿಟ್ಟು ಉಳಿದವರೆಲ್ಲ ಅದರ ಬಗ್ಗೆ ಮಾತಾಡಿದೆವು.

ಅವಳ ದಿನಚರಿ ಹೀಗಿತ್ತು. ನಸುಕಿನಲ್ಲಿ ಎದ್ದು ತಲೆಗೆ ನೀರು ಹಾಕಿಕೊಳ್ಳುವುದು. ಆಪಾ ಆ ಒದ್ದೆ ತಲೆಗೇ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ತಿಕ್ಕುವುದು. ಏಳು ಗಂಟೆಯ ಬಸ್ಸು ತಪ್ಪಬಾರದೆಂದು ಕೂದಲನ್ನು ಹಿಂಡಿ, ಬಿಗಿಯಾಗಿ ಗಂಟು ಹಾಕಿ, ಮೇಲೊಂದು ಬಿಗಿ ಒಳಟೋಪಿ ಎಳೆದು, ಅದರ ಮೇಲೆ ಹೊಳೆಯುವ ನೈಲಾನಿನ ಹಿಜಾಬು ಸುತ್ತಿ ಪಿನ್ನು ಚುಚ್ಚುವುದು. ಸಿಂಧನೂರಿನ ಕಡೆ ಹೊರಟರೆ ಕಾಲುವೆ ನೀರು, ಭತ್ತದ ಗದ್ದೆ, ಹಬೆಯಂಥ ಸೆಕೆ. ಸಂಜೆ ಐದಕ್ಕೆ ಮನೆಗೆ ಬಂದರೆ ಅಂಗಳದ ಕಾಯಿದೆ ಕಾದಿರುತ್ತಿತ್ತು. ಒಳಕೋಣೆಗೆ ಗಾಳಿ ಇಲ್ಲ, ಗಾಳಿ ಇರುವ ಅಂಗಳದಲ್ಲಿ ತಲೆ ಬಿಚ್ಚುವಂತಿಲ್ಲ. ಬೆಳಗ್ಗೆ ಕಟ್ಟಿದ ಗಂಟು ಮಲಗುವಾಗ ಬಿಚ್ಚಿದರೆ ಇನ್ನೂ ತೇವ. ಹುಳಿ ಹಿಟ್ಟು ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಮ್ಮ ಯಾವ ಹೋಟೆಲಿನವನೂ ಮಾಡಿಲ್ಲ.

ಮೊದಲು ತುರಿಕೆ ಬಂತು. ಆಮೇಲೆ ಹೊಟ್ಟು. ಹಣೆಯ ಅಂಚಿನಲ್ಲಿ, ಕಿವಿಯ ಹಿಂದೆ ಎಣ್ಣೆ ಹತ್ತಿದ ಹಳದಿ ಪದರುಗಳು ಕಾಣಿಸಿಕೊಂಡವು. ಕೆರೆದಲ್ಲಿ ಕೆಂಪಾಯಿತು. ಹಣಿಗೆಯ ಹಲ್ಲಿನಲ್ಲಿ ದಿನವೂ ಕೂದಲಿನ ಸಣ್ಣ ಉಂಡೆ ಸಿಗತೊಡಗಿತು. ಹುಡುಗಿ ಆ ಉಂಡೆಯನ್ನು ಕಾಗದದಲ್ಲಿ ಸುತ್ತಿ ಯಾರಿಗೂ ಕಾಣದಂತೆ ಒಲೆಗೆ ಹಾಕುತ್ತಿದ್ದಳು. ಆಪಾನಿಗೆ ವಾಸನೆ ಬಂತು.

ಅಲ್ಲಿಂದ ಚಿಕಿತ್ಸೆಗಳ ದರಬಾರು ಶುರುವಾಯಿತು. ಮೊಸರು, ಮೆಂತ್ಯೆ, ನಿಂಬೆರಸ, ಉಳ್ಳಾಗಡ್ಡಿ ರಸ. ಒಂದು ವಾರ ಹುಡುಗಿಯ ತಲೆ ಮದುವೆ ಮನೆಯ ಅಡುಗೆ ಕೋಣೆಯ ಹಾಗೆ ನಾತ ಹೊಡೆಯಿತು. ನಿಂಬೆರಸ ಕೆರೆದ ಗಾಯಕ್ಕೆ ತಗಲಿ ಅವಳು ಚೀರಿದಾಗ ಆಪಾ, "ಉರೀತಂದ್ರ ಹುಳಾ ಸಾಯಾಕತ್ತಾವ ಅಂತ ತಿಳಕೋ" ಎಂದಳು. ಓಣಿಯ ಮೆಡಿಕಲ್ ಅಂಗಡಿಯವನು ನೋಡದೆಯೇ ರೋಗ ಗುರುತಿಸುವ ಮಹಾನುಭಾವ. ಯಾವುದೋ ಮುಲಾಮಿನ ಟ್ಯೂಬು ಕೊಟ್ಟು, "ತೊಡೆಸಂದಿಗೆ ಚಲೋ ಆಗತೈತಿ, ತಲಿಗ್ಯಾಕ ಆಗಂಗಿಲ್ಲ?" ಎಂದನಂತೆ. ಈ ತರ್ಕಕ್ಕೆ ನಮ್ಮ ಕಡೆ ಉತ್ತರ ಕೊಟ್ಟವರಿಲ್ಲ. ನಾಲ್ಕು ದಿನ ತುರಿಕೆ ನಿಂತಿತು, ಐದನೆಯ ದಿನ ಬಡ್ಡಿ ಸಮೇತ ಬಂತು.

ನಾನು ಏನು ಮಾಡಿದೆ? ಭಾಷಣ. ಟೋಪಿಯ ಅಂಚಿನಲ್ಲಿ ಬೆರಳು ತೂರಿಸಿ ಮೆಲ್ಲಗೆ ಕೆರೆದುಕೊಳ್ಳುತ್ತ, ಶುಚಿತ್ವದ ಮಹತ್ವವನ್ನು ಮೊಮ್ಮಗಳಿಗೆ ವಿವರಿಸಿದೆ.

"ದಾದಾ, ನೀವು ಹೇಳೋದು ಮುಗೀತಾ, ಕೆರ್ಕೊಳ್ಳೋದು ಮುಗೀತಾ?" ಎಂದಳು. 

ಉದ್ಧಟತನ ಎಂದು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಒಂದು ಸೋಮವಾರ ಆಪಾ ತೀರ್ಪು ಕೊಟ್ಟಳು. "ಬೋಳಸಿಬಿಡೂಣು. ಹಳೀ ಕೂದ್ಲ ಹೋದ್ರ ಹೊಸಾದು ದಪ್ಪ ಬರ್ತಾವ. ಶುಕ್ರವಾರ ನಾನ ಕತ್ರಿ ಹಚ್ತೀನಿ."

ಹುಡುಗಿಯ ಜಡೆ ಸೊಂಟ ಮುಟ್ಟುತ್ತಿತ್ತು. ಅವಳ ದಾದಿ, ಅಂದರೆ ನನ್ನ ಹೆಂಡತಿ, ಇದ್ದಾಗ ಹೆಣೆಯುತ್ತಿದ್ದ ಜಡೆ. ಹುಡುಗಿ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟಳು.

"ನಾ ಬೋಳಾಗಂಗಿಲ್ಲ."

"ಅಯ್ಯ, ಯಾಕಬೇ? ಹೆಂಗೂ ಮುಚ್ಚಿಕೊಂಡ ಇರ್ತಿ. ಯಾರ್ ನೋಡ್ತಾರ?"

"ನಾ ನೋಡ್ತೀನಿ."

ಆಪಾ ನಕ್ಕಳು. ನಾನೂ ನಕ್ಕೆ ಎಂದು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಬರೆಯುತ್ತೇನೆ. ತಲೆಯನ್ನು ಮುಚ್ಚಿದ್ದೇವೆ ಎಂದರೆ ತಲೆಯೇ ಇಲ್ಲ ಎಂದು ತಿಳಿಯುವ ಜನ ನಾವು. ಬಟ್ಟೆಯ ಬಣ್ಣ, ಅಂಚು, ಪಿನ್ನು ಎಲ್ಲದಕ್ಕೂ ಲೆಕ್ಕ ಕೇಳುತ್ತೇವೆ. ಅದರ ಕೆಳಗೆ ಒಂದು ಚರ್ಮ ಇದೆ, ಅದಕ್ಕೆ ಬೆವರು ಬರುತ್ತದೆ ಎಂಬುದು ನಮ್ಮ ಘನತೆಗೆ ತಕ್ಕ ವಿಷಯವಲ್ಲ.

ಮರುದಿನ ನನ್ನ ಗೆಳೆಯ ಬಂದ. ಪಾಮನಕಲ್ಲೂರಿನ ರೈತ, ತೊಗರಿ ಸಜ್ಜೆ ಬೆಳೆಯುವವನು. ತಲೆಯ ಮೇಲೆ ಹತ್ತು ಮೊಳದ ಬಿಳಿ ಪಟಕ. ನನಗೆ ಅವನ ಬಗ್ಗೆ ಮೊದಲಿನಿಂದ ಒಂದು ತಿರಸ್ಕಾರವಿತ್ತು. ಕಾರಣ, ಮಧ್ಯಾಹ್ನವಾದರೆ ಈ ಮನುಷ್ಯ ಹೊಲದ ಬೇವಿನ ಮರದ ಕೆಳಗೆ ಪಟಕವನ್ನು ಪೂರಾ ಬಿಚ್ಚಿ, ಝಾಡಿಸಿ, ಟೊಂಗೆಯ ಮೇಲೆ ಬಿಸಿಲಿಗೆ ಹರಡಿ, ಹುಟ್ಟಿದಾಗಿನ ತಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಪಟಕದ ಮರ್ಯಾದೆ ಗೊತ್ತಿಲ್ಲದವನು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅವನ ಮನೆಯಲ್ಲಿ ಮೂರು ಪಟಕಗಳಿದ್ದವು. ಒಂದು ತಲೆಯ ಮೇಲೆ, ಒಂದು ಹಗ್ಗದ ಮೇಲೆ, ಒಂದು ಪೆಟ್ಟಿಗೆಯಲ್ಲಿ. ನನಗೆ ಒಂದೇ ಟೋಪಿ. ನಿಷ್ಠೆ ಯಾರದ್ದು ಹೆಚ್ಚು ಎಂದು ನೀವೇ ಹೇಳಿ.

ವಿಷಯ ಕೇಳಿ ಅವನೆಂದ: "ಮಾಸ್ತರ, ಮೇವಿನ ಬಣವಿ ಹಸಿ ಇದ್ದಾಗ ಮುಚ್ಚಿದ್ರ ಏನಾಗತೈತಿ?"

"ಬೂಸರ ಹಿಡೀತದ."

"ಹಿಡೀತದಲ್ಲ? ಮತ್ತ ಬಣವಿಗೆ ಗೊತ್ತಾಗಿದ್ದು ನಿಮ್ಮ ಮನಿಯಾಗ ಯಾರಿಗೂ ಗೊತ್ತಾಗಿಲ್ಲೇನು? ಲಿಂಗಸುಗೂರಾಗ ಚರ್ಮದ ಡಾಕ್ಟರಮ್ಮ ಅದಾಳ. ನನ್ನ ಸೊಸೀಗೆ ತೋರಿಸಿದ್ವಿ. ಕರಕೊಂಡು ಹೋಗ. ಕತ್ರಿ ಎಲ್ಲಿ ಓಡಿ ಹೋಗತೈತಿ?"

ಕತ್ತರಿ ಓಡಿ ಹೋಗುವುದಿಲ್ಲ ಎಂಬ ಮಾತು ಆಪಾನಿಗೂ ಒಪ್ಪಿಗೆಯಾಯಿತು. ಬುಧವಾರ ನಾನು ಮತ್ತು ಮೊಮ್ಮಗಳು ಲಿಂಗಸುಗೂರಿನ ಬಸ್ಸು ಹತ್ತಿದೆವು.

ಡಾಕ್ಟರಮ್ಮ ನಮ್ಮ ಮಗನ ವಯಸ್ಸಿನವಳು. ಪರದೆ ಎಳೆದು, ಹಿಜಾಬು ಬಿಚ್ಚಿಸಿ, ಭೂತಗನ್ನಡಿ ಹಿಡಿದು ಬೈತಲೆ ಬೈತಲೆಯಾಗಿ ನೋಡಿದಳು. ಒಂದು ಪದರನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ ಪಕ್ಕದ ಕೋಣೆಗೆ ಕಳಿಸಿದಳು. ಆಮೇಲೆ ಏನು ಹಚ್ಚಿದ್ದಿ ಎಂದು ಮುಲಾಮಿನ ಟ್ಯೂಬು ಕೇಳಿದಳು. ಮೊಮ್ಮಗಳು ಕೊಟ್ಟಳು. ಡಾಕ್ಟರಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಎಸೆಯುವ ಹಾಗೆ ಬುಟ್ಟಿಗೆ ಎಸೆದಳು.

"ಇದರಾಗ ಸ್ಟೆರಾಯ್ಡ್ ಅದರೀ. ತುರಿಕಿ ನಿಂತಂಗ ಅನಸ್ತದ, ಬಿಟ್ಟ ಕೂಡ್ಲೇ ಹೆಚ್ಚಾಗತದ, ಚರ್ಮ ತೆಳ್ಳಗಾಗತದ. ಯಾರ ಕೊಟ್ರು?"

"ಮೆಡಿಕಲ್ಲಿನವರು" ಎಂದೆ.

"ನಾಳಿಗೆ ಹಲ್ಲೂ ಅವರ ಕಡೇನ ಕೀಳಿಸ್ಕೊಳ್ರಿ."

ನನಗೆ ಈ ಹೆಂಗಸಿನ ಬಗ್ಗೆ ಗೌರವ ಹುಟ್ಟಿತು.

ಹುಳಕಡ್ಡಿ ಅಲ್ಲ ಎಂದು ಹೇಳಿ ಅವಳು ವಿವರಿಸಿದಳು. ಒಂದು ಬಗೆಯ ಬೂಸರ ಎಲ್ಲರ ತಲೆಯ ಮೇಲೂ ವಾಸವಾಗಿರುತ್ತದೆಯಂತೆ, ರಾಜನಿಗೂ ರೈತನಿಗೂ. ಅದಕ್ಕೆ ತಲೆಯ ಜಿಡ್ಡೇ ಊಟ. ಬೆವರು, ಸೆಕೆ, ಗಾಳಿಯಿಲ್ಲದ ಬಿಗಿ ಬಟ್ಟೆ ಸಿಕ್ಕರೆ ಹಬ್ಬ ಮಾಡುತ್ತದೆ. ಕೆಲವರ ಚರ್ಮ ಅದನ್ನು ತಡೆಯುವುದಿಲ್ಲ, ಉರಿ, ಹೊಟ್ಟು. ಹಿಜಾಬಿನ ತಪ್ಪಲ್ಲ, ಹಸಿ ಕೂದಲ ಮೇಲೆ ಸುತ್ತಿದ್ದು ತಪ್ಪು. ಕೂದಲು ಉದುರುತ್ತಿದ್ದುದು ಕೆರೆತದಿಂದ, ಬಿಗಿ ಗಂಟಿನಿಂದ. ತುರಿಕೆ ಹೋಗಿ ಗಂಟು ಸಡಿಲಾದರೆ ನಿಲ್ಲುತ್ತದೆ.

"ವಾರಕ್ಕ ಎರಡು ಸಲ ಈ ಔಷಧದ ಶಾಂಪೂ. ಕೂದಲಿಗಲ್ಲ, ಬುಡಕ್ಕ ಹಚ್ಚಬೇಕು. ಹಚ್ಚಿ ಐದು ನಿಮಿಷ ಸುಮ್ನ ಕೂಡ್ರು, ಆಮ್ಯಾಲ ತೊಳಕೋ. ನಾಲ್ಕು ವಾರ. ಎಣ್ಣಿ ಬುಡಕ್ಕ ಬ್ಯಾಡ. ತಲಿಗೆ ನೀರು ಮುಂಜಾನೆ ಬ್ಯಾಡ, ಕಾಲೇಜಿಂದ ಬಂದು ತೊಳಕೊಂಡು ಪೂರಾ ಒಣಗಿಸಿ ಮಲಕ್ಕೋ. ಒಣಗಿದ ಕೂದಲ ಮ್ಯಾಲೇ ಬಟ್ಟಿ. ಒಳಟೋಪಿ ಹತ್ತೀದು, ದಿನಾ ಒಂದು ಒಗದದ್ದು, ಬಿಸಿಲಾಗ ಒಣಗಿದ್ದು. ಮನ್ಯಾಗ ಇದ್ದಾಗ ಬಿಚ್ಚಿ ಗಾಳಿಗೆ ಬಿಡು."

"ಮನ್ಯಾಗ ಕಾಯಿದೆ ಐತ್ರಿ" ಎಂದಳು ಮೊಮ್ಮಗಳು, ನನ್ನ ಕಡೆ ನೋಡದೆ.

ಡಾಕ್ಟರಮ್ಮ ನನ್ನ ಕಡೆ ನೋಡಿದಳು. ಆ ಹೊತ್ತಿಗೆ ದುರದೃಷ್ಟವಶಾತ್ ನನ್ನ ಬೆರಳು ಟೋಪಿಯ ಒಳಗಿತ್ತು.

"ಅಜ್ಜಾರ, ಟೋಪಿ ತೆಗೀರಿ."

"ನನಗೇನೂ ಇಲ್ರಿ. ವಯಸ್ಸಿನ ತುರಿಕಿ."

"ತೆಗೀರಿ."

ಶಾಲಾ ಇನ್‌ಸ್ಪೆಕ್ಟರರ ಮುಂದೆಯೂ ತೆಗೆಯದ ಟೋಪಿಯನ್ನು ತೆಗೆದೆ. ಮೊಮ್ಮಗಳು ಎದ್ದು ನಿಂತು ಇಣುಕಿ ನೋಡಿ, "ಯಾ ಅಲ್ಲಾ!" ಎಂದಳು. ಡಾಕ್ಟರಮ್ಮ ತಲೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅಸ್ತರನ್ನು ನೋಡಿದಳು. ಕೊನೆಗೆ ಚೀಟಿಯ ಮೇಲೆ ಒಂದು ಬಾಟಲಿ ಎಂದಿದ್ದುದನ್ನು ಎರಡು ಎಂದು ತಿದ್ದಿದಳು. "ಈ ಟೋಪಿ ಒಗೀರಿ, ಇಲ್ಲಾ ಬಿಡ್ರಿ" ಎಂದಳು.

ಬಸ್ಸಿನಲ್ಲಿ ಮೊಮ್ಮಗಳು ಮಸ್ಕಿ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ಅವಳ ಬೆನ್ನು ಅಲುಗುತ್ತಿತ್ತು.

ಆಪಾ ಔಷಧದ ಬಾಟಲಿಯನ್ನು ಮೂಸಿ ನೋಡಿ ಮುಖ ಕಿವುಚಿದಳು. "ಎಣ್ಣಿ ಬಿಡಸಾಕ ಹೇಳ್ಯಾಳ? ನಮ್ಮ ಅಮ್ಮಿ ಎಂಬತ್ತು ವರ್ಷ ಎಣ್ಣಿ ಹಚ್ಚಿದ್ಲು. ಒಂದು ಚಂದ್ರ ಕೊಡ್ತೀನಿ. ಮುಂದಿನ ಚಂದ್ರ ಕಾಣೋದ್ರೊಳಗ ಹೊಟ್ಟು ಹೋಗಿಲ್ಲಂದ್ರ ಕತ್ರಿ. ಕುರ್ಆನಾಣೆ ಹಾಕಂಗಿಲ್ಲ, ನನ್ನ ಮಾತ ಸಾಕು."

ಗಾಳಿಗೆ ತಲೆ ಬಿಚ್ಚಲು ಜಾಗ ಬೇಕಾಯಿತು. ಅಂಗಳದ ಕಾಯಿದೆಯನ್ನು ರದ್ದು ಮಾಡುವ ಧೈರ್ಯ ನನಗಿರಲಿಲ್ಲ. ಕಾಯಿದೆ ಮಾಡಿದವರಿಗೆ ಎಂದೂ ಇರುವುದಿಲ್ಲ. ಗೆಳೆಯ ಮಾಳಿಗೆಯ ಮೇಲೆ ನಾಲ್ಕು ಬಿದಿರು ನೆಟ್ಟು, ಸಿಂಧನೂರಿನ ಅಕ್ಕಿ ಗಿರಣಿಯ ಖಾಲಿ ಚೀಲಗಳನ್ನು ಹೊಲಿದು ಸುತ್ತ ಮರೆ ಕಟ್ಟಿಕೊಟ್ಟ. ಮೇಲೆ ಆಕಾಶ. ಸಂಜೆ ಬಿಸಿಲು ಇಳಿಯುವ ಮುನ್ನ ಹುಡುಗಿ ಅಲ್ಲಿ ಕುಳಿತು ಕೂದಲು ಹರಡಿಕೊಂಡು ಓದುತ್ತಿದ್ದಳು. ಹತ್ತಿಯ ಒಳಟೋಪಿಗಳು ನಾಲ್ಕು ಬಂದವು, ಹಗ್ಗದ ಮೇಲೆ ಸಾಲಾಗಿ ಒಣಗಿದವು. ಜಡೆ ಸಡಿಲವಾಯಿತು. ನೈಲಾನಿನ ಹಿಜಾಬು ಹೋಗಿ ತೆಳು ಹತ್ತಿಯ ಮಲ್ಲಿನದ್ದು ಬಂತು. ಔಷಧ ಹಚ್ಚಿ ಐದು ನಿಮಿಷ ಕುಳಿತಿರುವಾಗ ಅವಳು ಬಚ್ಚಲಿನಿಂದಲೇ ಪಾಠ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು, ಹೊತ್ತು ಅಳೆಯುವುದಕ್ಕೆ.

ನನ್ನ ಬಾಟಲಿಯ ಕಥೆ ಬೇರೆ. ನಾನು ವಾರಕ್ಕೆ ಎರಡು ಸಲ ಅದನ್ನು ಬಚ್ಚಲಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಹನಿ ನೆತ್ತಿಗೆ ಮುಟ್ಟಿಸಿ, ಮರುಕ್ಷಣ ನೀರು ಸುರಿದುಕೊಂಡು, ತಲೆ ಆರುವ ಮೊದಲೇ ಅದೇ ಮಖಮಲ್ ಟೋಪಿಯನ್ನು ಒತ್ತಿಕೊಂಡು ಹೊರಗೆ ಬರುತ್ತಿದ್ದೆ. ಐದು ನಿಮಿಷ ಬಚ್ಚಲಲ್ಲಿ ಸುಮ್ಮನೆ ಕುಳಿತುಕೊಳ್ಳುವುದು ನಿವೃತ್ತ ಮಾಸ್ತರನ ಸ್ಥಾನಕ್ಕೆ ಸಲ್ಲದು ಎಂದು ನನ್ನ ಅಭಿಪ್ರಾಯವಾಗಿತ್ತು. ಔಷಧ ಬಾಟಲಿಯಲ್ಲಿದ್ದರೂ ಕೆಲಸ ಮಾಡಬೇಕು ಎಂಬ ನಿರೀಕ್ಷೆ ನನ್ನದು.

ಚಂದ್ರ ಕಂಡಿತು. ಮರುದಿನ ಆಪಾ ಪಡಸಾಲೆಯಲ್ಲಿ ನ್ಯಾಯಾಲಯ ಸೇರಿಸಿದಳು. ನೆಲದ ಮೇಲೆ ಕರಿ ದುಪಟ್ಟಾ ಹಾಸಿ, ಮೊಮ್ಮಗಳನ್ನು ತಲೆ ಬಾಗಿಸಿ ಕೂಡಿಸಿ, ಹಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿದಳು. ಗೆಳೆಯ ಅಂಗಳದ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದ. ಪಂಚನೊಬ್ಬ ಬೇಕಲ್ಲ.

ದುಪಟ್ಟಾದ ಮೇಲೆ ಬಿದ್ದದ್ದು ಏಳೆಂಟು ಚೂರು, ಹಿಟ್ಟಿನ ಧೂಳಿನಷ್ಟು. ನನ್ನ ಎದೆ ಹಗುರಾಯಿತು.

"ಇವನ ತಲೀನೂ ನೋಡೂಣು" ಎಂದಳು ಆಪಾ. "ಅದ ಔಷಧ, ಅದ ಬಾಟ್ಲಿ, ಅದ ಒಂದು ಚಂದ್ರ. ಬಾಗ್ಸಲೇ ತಲಿ."

ಅರವತ್ತೊಂಬತ್ತು ವರ್ಷದವನಿಗೆ 'ಲೇ' ಎನ್ನುವ ಹಕ್ಕು ಈಗ ಉಳಿದಿರುವುದು ಅವಳೊಬ್ಬಳಿಗೇ. ಬಾಗಿಸಿದೆ. ಹಣಿಗೆ ಎರಡು ಸಲ ಆಡಿತು. ಅಕ್ಕಿ ಗಿರಣಿಯ ಹಿಂಬಾಗಿಲಲ್ಲಿ ತೌಡು ಬೀಳುವುದನ್ನು ನೋಡಿದವರಿಗೆ ಆ ದೃಶ್ಯವನ್ನು ಹೇಳಬೇಕಾಗಿಲ್ಲ.

ಆಪಾ ಹಣಿಗೆ ಎತ್ತಿ ಹಿಡಿದಳು. "ನೋಡ್ರಿ ಔಷಧದ ಕರಾಮತ್ತು! ಇವನಿಗೆ ಹಿಂಗಾದದ್ದು ಈಕಿಗೂ ನಾಳಿ ಹಿಂಗ ಆಗತೈತಿ. ಈಕೀದು ಸುಮ್ನ ನಾಲ್ಕ ದಿನ ಮುಚ್ಚಿಕೊಂಡೈತಿ. ಕತ್ರಿ ತಾ."

ಮೊಮ್ಮಗಳು ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಿತ್ತು. ಅವಳ ಬಾಟಲಿ ಮುಗಿದಿತ್ತು, ನನ್ನದು ಕುತ್ತಿಗೆಯವರೆಗೆ ತುಂಬಿತ್ತು. ಎರಡೂ ಬಚ್ಚಲಿನ ಒಂದೇ ಗೂಡಿನಲ್ಲಿದ್ದವು. ಆದರೂ ಅವಳು ಬಾಯಿ ಬಿಡಲಿಲ್ಲ. ಹಿರಿಯರ ಗುಟ್ಟು ಹೊರಗೆ ಹಾಕಬಾರದು ಎಂಬುದೂ ನಾನೇ ಮಾಡಿದ ಕಾಯಿದೆ.

"ಆಪಾ, ನಾ ಹಚ್ಚಿಲ್ಲ" ಎಂದೆ. "ಹಚ್ಚಿದಂಗ ಮಾಡೀನಿ. ಟೋಪಿನೂ ಒಗದಿಲ್ಲ."

ಕಟ್ಟೆಯ ಮೇಲೆ ಗೆಳೆಯನ ಬೆನ್ನು ನೆಟ್ಟಗಾಯಿತು.

"ಸುಳ್ಳ" ಎಂದಳು ಆಪಾ.

"ಖರೇ."

"ಮೊಮ್ಮಗಳನ್ನ ಉಳಸಾಕ ಸುಳ್ಳ ಹೇಳಾಕತ್ತಿ. ನಾ ನಿನ್ನ ಎತ್ತಿ ಆಡಿಸೀನಿ, ನನಗ ಗೊತ್ತಾಗಂಗಿಲ್ಲೇನು? ನೀ ತಂದ ಔಷಧ ನೀನ ಹಚ್ಚದಷ್ಟು ಹುಚ್ಚೇನು ನೀ?"

ಜೀವನಪೂರ್ತಿ ಗಾಂಭೀರ್ಯದಿಂದ ನೂರು ಸುಳ್ಳು ಹೇಳಿ ನಂಬಿಸಿದವನು ನಾನು. ಒಂದು ನಿಜ ಹೇಳಿದರೆ ನಂಬುವವರಿಲ್ಲ. ಗೂಡಿನಿಂದ ತುಂಬಿದ ಬಾಟಲಿ ತಂದು ತೋರಿಸಿದೆ. "ಅಜ್ಜ ಮೊಮ್ಮಗಳು ಕೂಡಿ ನೀರ ಹಾಕಿ ತುಂಬೀರಿ" ಎಂದಳು. ನ್ಯಾಯಾಧೀಶರಾಗಿ ಆಪಾ ಯಾರಿಗೂ ಕಡಿಮೆಯಿರಲಿಲ್ಲ.

ಆಗ ಕಟ್ಟೆಯಿಂದ ಗೆಳೆಯನ ದನಿ ಬಂತು, ಮುಖ ತಿರುಗಿಸದೆ. "ಅಕ್ಕಾರ, ಬೋಳ ಮಾಡಿದ್ರ ಹೊಟ್ಟು ಹೋಗತೈತಿ ಅಂತೀರಲ್ಲ, ಮೊದಲ ಮಾಸ್ತರನ್ನ ಮಾಡ್ರಿ. ಅವನ ತಲ್ಯಾಗ ಹದಿನೈದು ದಿನದಾಗ ಹೋತಂದ್ರ ಹುಡುಗೀದು ಮಾಡ್ರಿ. ಹೆಚ್ಚು ಹೊಟ್ಟು ಇದ್ದಲ್ಲೇ ಪರೀಕ್ಷಾ ಆಗಲಿ."

ಆಪಾ ಕತ್ತರಿಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ನೆತ್ತಿಯಲ್ಲಿ ಉಳಿದಿದ್ದು ಸುತ್ತಲಿನ ಒಂದು ಬಿಳಿ ಕುಂಚ ಮತ್ತು ನಡುವೆ ಸ್ವಲ್ಪ ಹುಲ್ಲು. ಅದರ ಮೇಲೂ ನನಗೆ ಆಸೆಯಿತ್ತು ಎಂದು ಆ ಕ್ಷಣ ತಿಳಿಯಿತು. ಹದಿನೆಂಟರ ಹುಡುಗಿ ಸೊಂಟದುದ್ದದ ಜಡೆ ಕೊಡೆನೆಂದರೆ ನಕ್ಕವನು ನಾನು.

"ಆಗಲಿ" ಎಂದೆ.

ಬಸ್‌ಸ್ಟ್ಯಾಂಡಿನ ಕ್ಷೌರದಂಗಡಿಯವನು, "ಪೂರಾ ಏನ್ರೀ ಮಾಸ್ತರ? ಮಕ್ಕಾದ ಉಮ್ರಾ ಯಾತ್ರಿಗೆ ಹೋಗಿ ಬಂದ್ರೇನು?" ಎಂದ.

"ಇಲ್ಲ. ಹೊಟ್ಟಿಗೆ ಹೋಗಿ ಬಂದಾನ" ಎಂದ ಗೆಳೆಯ.

ಪರೀಕ್ಷೆಯ ಶರತ್ತುಗಳನ್ನು ನಾನು ಪ್ರಾಮಾಣಿಕವಾಗಿ ಪಾಲಿಸಿದೆ; ಈ ಸಲ ಪಾಲಿಸುವುದು ಸುಲಭವಿತ್ತು, ಏಕೆಂದರೆ ಏನೂ ಮಾಡುವುದಿರಲಿಲ್ಲ. ಔಷಧ ಇಲ್ಲ, ಗಾಳಿ ಇಲ್ಲ, ಅದೇ ಟೋಪಿ ಮುಂಜಾನೆಯಿಂದ ಸಂಜೆಯವರೆಗೆ. ಆಪಾನ ಸಮಾಧಾನಕ್ಕೆ ಬೋಳು ತಲೆಗೆ ಎಣ್ಣೆಯನ್ನೂ ಹಚ್ಚಿಸಿಕೊಂಡೆ. ಮೊದಲ ವಾರ ನೆತ್ತಿ ಹೊಸ ತಾಮ್ರದ ತಂಬಿಗೆಯ ಹಾಗೆ ಹೊಳೆಯಿತು. ಆಪಾ ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ಮೊಮ್ಮಗಳು ಊಟ ಕಡಿಮೆ ಮಾಡಿದಳು. ರಾತ್ರಿ ಜಡೆಯನ್ನು ಎದೆಯ ಮೇಲೆ ಹಾಕಿಕೊಂಡು ಮಲಗುತ್ತಾಳೆಂದು ಸೊಸೆ ಹೇಳಿದಳು.

ಒಂಬತ್ತನೆಯ ದಿನ ಟೋಪಿಯ ಅಂಚು ಕೂರುವ ಜಾಗದಲ್ಲಿ ತುರಿಕೆ ಶುರುವಾಯಿತು. ಇಷ್ಟು ಸಂತೋಷದಿಂದ ನಾನು ಎಂದೂ ಕೆರೆದುಕೊಂಡಿರಲಿಲ್ಲ. ಹನ್ನೆರಡನೆಯ ದಿನ ಕೆಂಪು ಪಟ್ಟೆ, ಅದರ ಮೇಲೆ ಜಿಡ್ಡಿನ ಹಳದಿ ಪದರು. ಈಗ ಅದನ್ನು ಮುಚ್ಚಲು ಒಂದು ಕೂದಲೂ ಇರಲಿಲ್ಲ. ಹದಿನೈದನೆಯ ದಿನ ಸಂಜೆ ಅದೇ ಕರಿ ದುಪಟ್ಟಾದ ಮುಂದೆ ಕುಳಿತು, ಟೋಪಿ ತೆಗೆದು ತಲೆ ಬಾಗಿಸಿದೆ. ಗೆಳೆಯನೂ ಬಂದು ಕಟ್ಟೆಯ ಮೇಲೆ ತನ್ನ ಜಾಗ ಹಿಡಿದಿದ್ದ.

ಆಪಾ ಕನ್ನಡಕ ಹಾಕಿಕೊಂಡಳು. ಉಗುರಿನಿಂದ ಒಂದು ಪದರು ಎತ್ತಿ ನೋಡಿದಳು. ಇನ್ನೊಂದು ಎತ್ತಿದಳು.

"ಕೂದಲ ಇಲ್ಲದಲ್ಲೂ ಐತಿ" ಎಂದಳು ಕೊನೆಗೆ, ತನಗೇ ಹೇಳಿಕೊಳ್ಳುವಂತೆ.

"ಚರ್ಮದ್ದು ಅದು, ಆಪಾ. ಕೂದಲದ್ದಲ್ಲ."

"ನನಗ ಪಾಠ ಹೇಳಬ್ಯಾಡ" ಎಂದು ಎದ್ದು, ಕತ್ತರಿಯನ್ನು ಹೊಲಿಗೆಯ ಡಬ್ಬಿಗೆ ಹಾಕಿ, ಡಬ್ಬಿಯ ಮುಚ್ಚಳ ಒತ್ತಿದಳು. ಮೊಮ್ಮಗಳು ಆ ಸಪ್ಪಳ ಕೇಳಿ ಬಾಗಿಲಿಗೆ ಒರಗಿ ನಿಂತಳು. ಕಟ್ಟೆಯ ಮೇಲೆ ಗೆಳೆಯ ಪಟಕ ಬಿಚ್ಚಿ, ರಸ್ತೆಯ ಬಸ್ಸಿನವರೆಲ್ಲ ನೋಡುವ ಹಾಗೆ ಝಾಡಿಸಿದ. ನಮ್ಮ ಅಂಗಳ ಕಂಡ ಮೊದಲ ಬರಿದಲೆ ಅವನದ್ದು. ಎಷ್ಟು ನೋಡಿದರೂ ಅದರಲ್ಲಿ ಒಂದು ಚೂರು ಹೊಟ್ಟಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲು ನನಗೆ ಸಂತೋಷವೇನೂ ಇಲ್ಲ.

ಮರುದಿನ ಮಖಮಲ್ ಟೋಪಿಯನ್ನು ಬಿಸಿನೀರು ಸಾಬೂನಿನಲ್ಲಿ ಅದ್ದಿದೆ. ನೀರು ಮೊದಲು ಚಹಾ ಆಯಿತು, ಆಮೇಲೆ ಡಾಂಬರು. ಮೂರನೆಯ ನೀರಿಗೆ ಅಸ್ತರು ತಾನಾಗಿ ಕಳಚಿಕೊಂಡು ತೇಲಿತು. ಮಖಮಲ್ಲು ಮುದುಡಿ, ನಮ್ಮ ಬೆಕ್ಕು ಮೂಸಿ ಬಿಟ್ಟು ಹೋಗುವ ವಸ್ತುವಾಯಿತು. ಕೊಟ್ಟವರು ಹೇಳಿದ್ದು ನಿಜ. ನೀರು ಬಿದ್ದರೆ ಹಾಳಾಗುತ್ತದೆ. ಸೊಸೆ ಹಳೆಯ ಧೋತರ ಹರಿದು ಐದು ಹತ್ತಿ ಟೋಪಿ ಹೊಲಿದಳು. ದಿನಕ್ಕೊಂದು ಹಾಕುತ್ತೇನೆ, ದಿನವೂ ಒಗೆಯುತ್ತೇನೆ. ಬಚ್ಚಲಲ್ಲಿ ಐದು ನಿಮಿಷ ಕೂರುತ್ತೇನೆ. ಹೊರಗಿನಿಂದ ಮೊಮ್ಮಗಳು ಮೊಬೈಲ್ ನೋಡಿ, "ಇನ್ನೂ ಎರಡು ನಿಮಿಷ ಐತಿ ದಾದಾ, ಕೂಡ್ರಿ" ಎಂದು ಶಿಕ್ಷೆ ಕೊಟ್ಟವರ ಗತ್ತಿನಲ್ಲಿ ಕೂಗುತ್ತಾಳೆ. ಒಂದು ತಿಂಗಳಿಗೆ ನೆತ್ತಿ ತಿಳಿಯಾಯಿತು. ಇದು ಪೂರಾ ಹೋಗುವ ರೋಗವಲ್ಲ, ಬಿಟ್ಟರೆ ಮತ್ತೆ ಬರುತ್ತದೆ, ವಾರಕ್ಕೊಮ್ಮೆ ಔಷಧ ನಡೆಯಲಿ ಎಂದು ಡಾಕ್ಟರಮ್ಮ ಹೇಳಿದ್ದಾಳೆ. ಮೂರ್ಖತನದ ವಿಷಯದಲ್ಲೂ ನನಗೆ ಇದೇ ಸಲಹೆ ಅನ್ವಯಿಸುತ್ತದೆ ಎಂದು ಅವಳ ಮುಖದಲ್ಲಿ ಬರೆದಿತ್ತು.

ಮೊಮ್ಮಗಳ ಹಣಿಗೆಯಲ್ಲಿ ಈಗ ಉಂಡೆ ಸಿಗುವುದಿಲ್ಲ. ಜಡೆ ಇದ್ದಲ್ಲೇ ಇದೆ, ಮಲ್ಲಿನ ಹಿಜಾಬಿನ ಕೆಳಗೆ, ಯಾರೂ ನೋಡದ ಜಾಗದಲ್ಲಿ. ಅವಳು ನೋಡುತ್ತಾಳೆ.

ಇತ್ತೀಚೆಗೆ ಅವಳೊಂದು ದೂರು ತಂದಳು. ವಾರಕ್ಕೆ ಒಂದು ಸಲ ನಾವಿಬ್ಬರೂ ಬಳಸಿದರೆ ಬಾಟಲಿ ಇಷ್ಟು ಬೇಗ ಇಳಿಯಬಾರದು. "ನೀವು ಹೆಚ್ಚು ಸುರೀತೀರೇನು, ದಾದಾ?" ನಾನು ಹೆಚ್ಚು ಸುರಿಯುವುದಿಲ್ಲ. ಮರುದಿನ ಸಂಜೆ ಬಿಸಿಲು ಮಾಳಿಗೆಯ ಮೇಲಿದ್ದಾಗ ಚೀಲದ ಮರೆಯ ಹಿಂದೆ ಯಾರೋ ಕುಳಿತ ನೆರಳು ಕಂಡಿತು. ಮೊಮ್ಮಗಳು ಇನ್ನೂ ಸಿಂಧನೂರಿನಿಂದ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಆಪಾ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಎಪ್ಪತ್ತಾರು ವರ್ಷ ಎಣ್ಣೆಯಲ್ಲಿ ಮುಳುಗಿದ್ದ ಆ ತಲೆಯಿಂದ ಔಷಧದ ಶಾಂಪೂವಿನ ವಾಸನೆ ಬರುತ್ತಿತ್ತು.

"ಏನ್ ನೋಡ್ತೀಲೇ?" ಎಂದಳು.

"ಏನಿಲ್ಲ, ಆಪಾ" ಎಂದೆ. "ಕೂದ್ಲ ಪೂರಾ ಒಣಗಿಲ್ಲ ನೋಡು. ಇನ್ನೊಂದೀಟು ಬಿಸಿಲಿಗೆ ಕೂಡ್ರು."

ಬೈದಳು. ಆದರೆ ಮತ್ತೆ ಮೆಟ್ಟಿಲು ಹತ್ತಿದಳು.